ಸಾಲದ ಸಾಲಿನಿಂದ ಮೊದಲು ಎದ್ದು ಹೋಗುವವರು ಯಾರು? ಪತ್‌ಪೇಢಿಯ ನಿರ್ದೇಶಕರಿಗೂ ಸದಸ್ಯರಿಗೂ ಒಂದು ಬಹಿರಂಗ ಪತ್ರ

ಅಧ್ಯಕ್ಷರಿಗೆ, ನಿರ್ದೇಶಕ ಮಂಡಳಿಯವರಿಗೆ ಮತ್ತು ನಮ್ಮ ಸಹಕಾರಿ ಸಾಲ ಸಂಘವಾದ ಪತ್‌ಪೇಢಿಯ ಎಲ್ಲ ಸದಸ್ಯರಿಗೆ ನಮಸ್ಕಾರ.

ವಾರ್ಷಿಕ ಮಹಾಸಭೆಯ ನೋಟಿಸು ಮೊನ್ನೆ ಮಾಟುಂಗದ ಮನೆಗೆ ಬಂತು. ಜಾಮೀನಿನ ಮೇಲೆ ಕೊಡುವ ವ್ಯಾಪಾರ ಸಾಲದ ಬಡ್ಡಿಯನ್ನು ಶೇಕಡಾ 14ರಿಂದ 20ಕ್ಕೆ ಏರಿಸುವ ಪ್ರಸ್ತಾವ ಅದರಲ್ಲಿದೆ. ಕಾರಣವನ್ನೂ ಬರೆದಿದ್ದೀರಿ. ಅರ್ಜಿಗಳು ಜಾಸ್ತಿ, ಹಣ ಕಡಿಮೆ. ನಾಲ್ಕು ಅರ್ಜಿ ಬಂದರೆ ಒಂದನ್ನು ಮಾತ್ರ ಮಂಜೂರು ಮಾಡಲು ಆಗುತ್ತಿದೆ. ಬಡ್ಡಿ ಏರಿಸಿದರೆ ನಿಜವಾಗಿ ಬೇಕಾದವರಷ್ಟೇ ಉಳಿಯುತ್ತಾರೆ, ಸಂಸ್ಥೆಗೆ ಆದಾಯವೂ ಹೆಚ್ಚುತ್ತದೆ, ಯಾರಿಗೂ ಇಲ್ಲ ಅನ್ನಬೇಕಾಗಿಲ್ಲ. ಇದು ನಿಮ್ಮ ವಾದ.

ಕೇಳಿದರೆ ಸರಿ ಅನ್ನಿಸುತ್ತದೆ. ದಾದರ್ ಮಾರ್ಕೆಟ್ಟಿನಲ್ಲಿ ಟೊಮೆಟೊ ಕಡಿಮೆ ಬಂದ ದಿನ ರೇಟು ಏರುತ್ತದೆ. ಏರಿದ ರೇಟು ಕೊಡುವವರು ಒಯ್ಯುತ್ತಾರೆ, ಸಂಜೆಗೆ ಬುಟ್ಟಿ ಖಾಲಿ. ಸಾಲಕ್ಕೂ ಹಾಗೇ ಯಾಕಾಗಬಾರದು ಅಂತ ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಒಂಬತ್ತು ವರ್ಷ ನಿಮ್ಮ ಸಾಲ ಸಮಿತಿಯಲ್ಲಿ ಕೂತ ಮೇಲೆ ಆ ನಂಬಿಕೆ ಹೋಯಿತು. ಸಭೆಯಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ ಸಿಗುತ್ತದೆ. ಇದು ಎರಡು ನಿಮಿಷದಲ್ಲಿ ಹೇಳುವ ಮಾತಲ್ಲ. ಅದಕ್ಕೇ ಈ ಪತ್ರ.

ಟೊಮೆಟೊ ಮಾರುವವನಿಗೆ ಕೊಳ್ಳುವವನು ಯಾರು ಅನ್ನೋದು ಬೇಕಾಗಿಲ್ಲ. ದುಡ್ಡು ಕೈಗೆ ಬಂದರೆ ವ್ಯವಹಾರ ಮುಗಿಯಿತು. ನಾವು ಮಾಡುವುದು ಅಂಥ ವ್ಯಾಪಾರವಲ್ಲ. ನಾವು ಇವತ್ತು ದುಡ್ಡು ಕೊಟ್ಟು ಒಂದು ಮಾತನ್ನು ಕೊಂಡುಕೊಳ್ಳುತ್ತೇವೆ. ಮುಂದಿನ ವರ್ಷ ಇಷ್ಟು ವಾಪಸ್ ಕೊಡುತ್ತೇನೆ ಅನ್ನುವ ಮಾತು ಅದು. ಆ ಮಾತು ನಡೆಯುತ್ತದೋ ಇಲ್ಲವೋ ಅನ್ನೋದು ಯಾರು ಹೇಳಿದರು, ದುಡ್ಡನ್ನು ಏನು ಮಾಡಿದರು ಅನ್ನೋದರ ಮೇಲೆ ನಿಂತಿದೆ. ಶೇಕಡಾ 20 ಅಂತ ಬರೆದ ಕೂಡಲೇ 20 ಬರುವುದಿಲ್ಲ. ಬರೆದದ್ದು ಬೇರೆ, ಬಂದದ್ದು ಬೇರೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ನಾನೇ ಇಟ್ಟುಕೊಂಡವು, ಲೆಕ್ಕ ಸುಲಭವಾಗಲಿ ಅಂತ. ಆದರೆ ಇದರಲ್ಲಿ ಬರುವ ಎರಡು ತರಹದ ಜನ ನಮ್ಮ ಅರ್ಜಿ ಫೈಲಿನಲ್ಲಿ ನಿಜಕ್ಕೂ ಇದ್ದಾರೆ.

ಮೊದಲನೆಯವರು ಒಂದು ಆಫೀಸಿನ ಕ್ಯಾಂಟೀನು ನಡೆಸುವವರು ಅಂತ ಇಟ್ಟುಕೊಳ್ಳಿ. ದಿನಕ್ಕೆ ಎಷ್ಟು ಊಟ, ಎಷ್ಟು ಚಹಾ ಅಂತ ಗೊತ್ತು. ಬಿಲ್ಲು ತಿಂಗಳಿಗೊಮ್ಮೆ ಪಾಸಾಗುತ್ತದೆ. ಇವರು 1 ಲಕ್ಷ ಹಾಕಿದರೆ ವರ್ಷದ ಕೊನೆಗೆ 1,18,000 ಬರುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎರಡನೆಯವರು ಮೆಟ್ರೊ ಕೆಲಸ ನಡೆಯುತ್ತಿರುವ ರಸ್ತೆಯಲ್ಲಿ ಒಂದು ಹೋಟೆಲನ್ನು ಕಂಡಕ್ಟಿಗೆ, ಅಂದರೆ ನಡೆಸುವ ಗುತ್ತಿಗೆಗೆ, ಹಿಡಿದವರು. ಸ್ಟೇಷನ್ ಬೇಗ ತೆರೆದರೆ 1 ಲಕ್ಷ 1,66,000 ಆಗುತ್ತದೆ. ತಗಡಿನ ಬೇಲಿ ಇನ್ನೊಂದು ವರ್ಷ ಅಲ್ಲೇ ನಿಂತರೆ ಕೈಯಲ್ಲಿ ಉಳಿಯೋದು 70,000. ಎರಡಕ್ಕೂ ಸಮ ಅವಕಾಶ. ಸರಾಸರಿ ತೆಗೆದರೆ ಇದೂ 1,18,000ವೇ. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಕಷ್ಟಪಟ್ಟು ದುಡಿಯುವವರು. ವ್ಯಾಪಾರ ಮುಳುಗಿದರೆ ಎರಡನೆಯವರು ಉಳಿದ 70,000ವನ್ನೂ ನಮಗೇ ತಂದುಕೊಡುತ್ತಾರೆ ಅಂತಲೂ ಇಟ್ಟುಕೊಳ್ಳೋಣ. ಅದಕ್ಕಿಂತ ಜಾಸ್ತಿ ಅವರ ಹತ್ತಿರ ಇಲ್ಲ.

ಸಮಿತಿಯ ಮೇಜಿನ ಮೇಲೆ ಇಬ್ಬರ ಅರ್ಜಿಯೂ ಒಂದೇ ತರಹ ಕಾಣುತ್ತದೆ. "ಹೋಟೆಲ್ ಉದ್ಯಮ, ವಿಸ್ತರಣೆಗೆ" ಅಂತ ಇಬ್ಬರೂ ಬರೆದಿರುತ್ತಾರೆ. ಇಬ್ಬರಿಗೂ ಇಬ್ಬಿಬ್ಬರು ಜಾಮೀನುದಾರರು. ಗಲ್ಲಾದ ವ್ಯವಹಾರ ಹೆಚ್ಚಿನಂಶ ನಗದಿನಲ್ಲೇ ನಡೆದ ಕಾಲದವರಾದರೆ ಕಾಗದದಲ್ಲಿ ನೋಡುವಂಥದ್ದು ಇನ್ನೂ ಕಡಿಮೆ. ಹತ್ತು ಜನರಲ್ಲಿ ಎಂಟು ಮಂದಿ ಮೊದಲ ತರಹದವರು, ಇಬ್ಬರು ಎರಡನೆಯ ತರಹದವರು ಅಂತ ಅನುಭವದಿಂದ ಅಂದಾಜಿದೆ. ಆದರೆ ಆ ಇಬ್ಬರು ಯಾರು ಅಂತ ಗೊತ್ತಿಲ್ಲ.

ಶೇಕಡಾ 14ಕ್ಕೆ ಹತ್ತು ಜನರಿಗೂ ತಲಾ 1 ಲಕ್ಷ ಕೊಟ್ಟೆವು. ಎಂಟು ಮಂದಿ 1,14,000 ತಂದುಕೊಡುತ್ತಾರೆ, ಒಟ್ಟು 9,12,000. ಉಳಿದ ಇಬ್ಬರಲ್ಲಿ ಒಬ್ಬರು ಗೆದ್ದು 1,14,000 ಕೊಟ್ಟರು, ಇನ್ನೊಬ್ಬರು ಸೋತು 70,000 ಕೊಟ್ಟರು. ಎಲ್ಲ ಸೇರಿ 10,96,000. ಹತ್ತು ಲಕ್ಷದ ಮೇಲೆ 96,000 ಬಂತು. ಬರೆದದ್ದು 14, ಬಂದದ್ದು 9.6. ಪರವಾಗಿಲ್ಲ, ಸಂಸ್ಥೆ ನಡೆಯುತ್ತದೆ.

ಈಗ 20 ಮಾಡಿ. ಕ್ಯಾಂಟೀನಿನವರ ಕೈಗೆ ಬರುವುದೇ 1,18,000. ನಮಗೆ 1,20,000 ಕೊಟ್ಟರೆ ತಮ್ಮ ಜೇಬಿನಿಂದ 2,000 ಹಾಕಬೇಕು. ಅವರು ಅರ್ಜಿ ವಾಪಸ್ ತೆಗೆದುಕೊಳ್ಳುತ್ತಾರೆ. ಕೋಪದಿಂದಲ್ಲ, ಲೆಕ್ಕ ಬಲ್ಲವರಾದ್ದರಿಂದ. ಮೆಟ್ರೊ ರಸ್ತೆಯವರು ಮಾತ್ರ ಹೋಗುವುದಿಲ್ಲ. ಗೆದ್ದರೆ 1,66,000ದಲ್ಲಿ 1,20,000 ಕೊಟ್ಟ ಮೇಲೂ 46,000 ಉಳಿಯುತ್ತದೆ. ಸೋತರೆ ಬಡ್ಡಿ 14 ಆಗಿದ್ದರೂ ಒಂದೇ, 20 ಆಗಿದ್ದರೂ ಒಂದೇ, ಹೇಗೂ ಕೊಡಲು ಆಗುವುದಿಲ್ಲ. ಏರಿದ ಬಡ್ಡಿ ಅವರನ್ನು ಅರ್ಧ ಮಾತ್ರ ತಟ್ಟುತ್ತದೆ.

ಎದ್ದು ಹೋದ ಎಂಟು ಮಂದಿಯ ಜಾಗಕ್ಕೆ ಸಾಲಿನಲ್ಲಿ ಕಾಯುತ್ತಿದ್ದ ಮೆಟ್ರೊ ರಸ್ತೆಯಂಥವರೇ ಬರುತ್ತಾರೆ ಅನ್ನಿ, ನಿಮ್ಮ ಹತ್ತು ಲಕ್ಷ ಈಗ ಇಂಥ ಹತ್ತು ಜನರ ಕೈಗೇ ಹೋಗುತ್ತದೆ. ಐದು ಮಂದಿ ಗೆದ್ದು 1,20,000, ಐದು ಮಂದಿ ಸೋತು 70,000. ಒಟ್ಟು 9,50,000. ಕೊಟ್ಟದ್ದು ಹತ್ತು ಲಕ್ಷ, ಬಂದದ್ದು ಒಂಬತ್ತೂವರೆ. ಬಡ್ಡಿಯನ್ನು 14ರಿಂದ 20 ಮಾಡಿದ್ದಕ್ಕೆ 96,000 ಲಾಭ ಹೋಗಿ 50,000 ನಷ್ಟ ಬಂತು. ಇನ್ನೂ ಏರಿಸಿ 30 ಮಾಡಿದರೂ ಐದು ಸಲ 1,30,000, ಐದು ಸಲ 70,000, ಕೂಡಿದರೆ ಸರಿಯಾಗಿ ಹತ್ತು ಲಕ್ಷ. ಮೂವತ್ತು ಪರ್ಸೆಂಟ್ ಬಡ್ಡಿ ಬರೆದು ಅಸಲಷ್ಟೇ ವಾಪಸ್. ಠೇವಣಿದಾರರಿಗೆ ಕೊಡುವ ಬಡ್ಡಿ ಎಲ್ಲಿಂದ ತರುತ್ತೀರಿ?

ಗಮನಿಸಿ, ಸಾಲು ಮಾತ್ರ ನಿಜವಾಗಿ ಕರಗಿದೆ. ಅರ್ಜಿ ಕಡಿಮೆಯಾಗಿವೆ, ಇಲ್ಲ ಅನ್ನುವ ಕಷ್ಟ ತಪ್ಪಿದೆ. ನಿಮ್ಮ ನೋಟಿಸಿನಲ್ಲಿ ಬರೆದ ಹಾಗೇ ಆಗಿದೆ. ಆದರೆ ಸಾಲಿನಿಂದ ಮೊದಲು ಎದ್ದು ಹೋದವರು ನಮಗೆ ಬೇಕಾದವರು.

ಇದರ ಬೇರು ನಾವು ಸಾಲ ಕೊಡುವ ರೀತಿಯಲ್ಲೇ ಇದೆ. ಹೋಟೆಲು ಎಷ್ಟೇ ಚೆನ್ನಾಗಿ ನಡೆದರೂ ನಮಗೆ ಸಿಗೋದು ಬರೆದಷ್ಟು ಬಡ್ಡಿ ಮಾತ್ರ. ಮೇಲಿನದೆಲ್ಲ ಮಾಲೀಕರದು. ಮುಳುಗಿದರೆ ಮಾತ್ರ ನಮ್ಮ ಅಸಲೂ ಜೊತೆಗೆ ಮುಳುಗುತ್ತದೆ. ಏರಿಳಿತ ಜಾಸ್ತಿಯಾದಷ್ಟೂ ಅವರಿಗೆ ಅನುಕೂಲ, ನಮಗೆ ತೊಂದರೆ. ಬಡ್ಡಿ ಏರಿಸುವುದು ಅಂದರೆ ಏರಿಳಿತ ಜಾಸ್ತಿ ಇರುವವರನ್ನು ಆರಿಸಿ ಒಳಗೆ ಕರೆದ ಹಾಗೆ.

ಇದು ನಾನು ಕಂಡುಹಿಡಿದ ಮಾತಲ್ಲ. ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಆಂಡ್ರ್ಯೂ ವೈಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1981ರಲ್ಲಿ ಇದನ್ನು ಲೆಕ್ಕ ಸಮೇತ ತೋರಿಸಿದರು. ಸಾಲ ಕೊಡುವವರ ಕೈಗೆ ಬರುವ ಆದಾಯ ಬಡ್ಡಿಯ ಜೊತೆ ಒಂದು ಹಂತದವರೆಗೆ ಏರುತ್ತದೆ, ಆಮೇಲೆ ಇಳಿಯುತ್ತದೆ. ತಿಳಿದ ಬ್ಯಾಂಕು ಆ ತಿರುವಿನ ಹತ್ತಿರ ನಿಂತುಬಿಡುತ್ತದೆ. ಹೊರಗೆ ಜನ ಕಾಯುತ್ತಿದ್ದರೂ, ಇನ್ನೂ ಜಾಸ್ತಿ ಕೊಡುತ್ತೇವೆ ಅಂದರೂ ಬಡ್ಡಿ ಏರಿಸುವುದಿಲ್ಲ. ಕೆಲವರಿಗೆ ಕೊಟ್ಟು, ಅದೇ ತರಹದ ಉಳಿದವರಿಗೆ ಇಲ್ಲ ಅನ್ನುತ್ತದೆ. ಅಂದರೆ ಹೊರಗಿನ ಸಾಲು ನೋಡಿ ಬಡ್ಡಿ ಕಡಿಮೆಯಾಗಿದೆ ಅಂತ ಹೇಳಲು ಬರುವುದಿಲ್ಲ. ಸರಿಯಾದ ಬಡ್ಡಿಯಲ್ಲೂ ಸಾಲು ಇರಬಹುದು. ನಿಮ್ಮ ಪ್ರಸ್ತಾವ ತಪ್ಪಿರುವುದು ಇಲ್ಲೇ ಅಂತ ನನ್ನ ಖಚಿತ ಅಭಿಪ್ರಾಯ.

ಅವರಿಗಿಂತ ಮೊದಲು, 1970ರಲ್ಲಿ, ಜಾರ್ಜ್ ಅಕರ್‌ಲಾಫ್ ಅನ್ನುವವರು ಹಳೇ ಕಾರುಗಳ ಮಾರಾಟದ ಬಗ್ಗೆ ಬರೆದ ಲೇಖನದಲ್ಲಿ ನಮ್ಮ ದೇಶದ ಲೇವಾದೇವಿಯವರ ಮಾತೂ ಬರುತ್ತದೆ. ಊರಿನ ಸಾಹುಕಾರ ದುಬಾರಿ ಬಡ್ಡಿ ಹಾಕುತ್ತಾನೆ. ಹೊರಗಿನವನು ಅದನ್ನು ನೋಡಿ, ನಾನು ಸ್ವಲ್ಪ ಕಡಿಮೆಗೆ ಕೊಟ್ಟು ಲಾಭ ಮಾಡುತ್ತೇನೆ ಅಂತ ಬಂದರೆ ಅವನ ಪಾಲಿಗೆ ಬರುವುದು ಸಾಹುಕಾರ ಬೇಡ ಅಂದವರು. ಸಾಹುಕಾರನಿಗೆ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತು, ಹೊರಗಿನವನಿಗೆ ಗೊತ್ತಿಲ್ಲ. ಅಕರ್‌ಲಾಫ್ ಮತ್ತು ಸ್ಟಿಗ್ಲಿಟ್ಜ್ ಇಬ್ಬರಿಗೂ 2001ರಲ್ಲಿ ಮೈಕೆಲ್ ಸ್ಪೆನ್ಸ್ ಜೊತೆ ನೊಬೆಲ್ ಬಂತು.

ಸಮಿತಿಯಲ್ಲಿ ನಾನು ಕಣ್ಣಾರೆ ಕಂಡದ್ದನ್ನೂ ಹೇಳುತ್ತೇನೆ. ಒಂದು ಸಂಜೆ ಇಬ್ಬರು ಒಬ್ಬರ ಹಿಂದೆ ಒಬ್ಬರು ಬಂದರು. ಮೊದಲು ಬಂದ ಅಕ್ಕ ಮನೆಯಿಂದಲೇ ಟಿಫಿನ್ ಮಾಡಿ ಕಳಿಸುವವರು. ದೊಡ್ಡ ಗ್ರೈಂಡರ್ ಮತ್ತು ಫ್ರಿಜ್ಜಿಗೆ ಸಾಲ ಕೇಳಿದರು. ಕಂತು ಎಷ್ಟು ಬರುತ್ತದೆ, ಬಡ್ಡಿ ಉಳಿದ ಅಸಲಿನ ಮೇಲೋ ಪೂರ್ತಿ ಅಸಲಿನ ಮೇಲೋ, ಮೊದಲೇ ತೀರಿಸಿದರೆ ಏನಾದರೂ ಕಡಿತ ಇದೆಯೋ ಅಂತ ಒಂದೊಂದಾಗಿ ಕೇಳಿದರು. ಕೊನೆಗೆ, "ಅರ್ಧ ಪರ್ಸೆಂಟ್ ಕಡಿಮೆ ಮಾಡ್ಲಿಕ್ಕೆ ಆಗುದಿಲ್ವಾ?" ಅಂದರು. ಅವರ ಹಿಂದೆ ಬಂದ ಅಣ್ಣ ಕೂರುವ ಮೊದಲೇ, "ಬಡ್ಡಿ ಎಷ್ಟಾದ್ರೂ ಹಾಕಿ ಮಾರಾಯ್ರೆ, ಈ ವಾರದೊಳಗೆ ದುಡ್ಡು ಕೊಡಿ" ಅಂದರು. ನಮ್ಮಲ್ಲಿ ಒಬ್ಬರಿಗೆ ಆ ಅಣ್ಣನ ಮೇಲೆ ಪ್ರೀತಿ ಬಂತು, ಇವರು ಚೌಕಾಸಿ ಮಾಡದ ಗಿರಾಕಿ ಅಂತ. ನನಗೆ ಹೆದರಿಕೆಯಾಯಿತು. ಕೊಡುವ ಮನಸ್ಸಿರುವವರು ಎಷ್ಟು ಕೊಡಬೇಕು ಅಂತ ಕೇಳುತ್ತಾರೆ. ಎಷ್ಟಾದರೂ ಸರಿ ಅನ್ನುವವರು ಬೇರೆ ಬಾಗಿಲುಗಳನ್ನೆಲ್ಲ ತಟ್ಟಿ ಬಂದಿರಬಹುದು, ಅಥವಾ ಸೋತರೆ ಏನು ಅನ್ನೋದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲದೆ ಇರಬಹುದು. ಆ ಅಣ್ಣನಿಗೆ ಕೊಟ್ಟೆವು. ಐದನೇ ಕಂತಿಗೆ ನಿಂತಿತು. ಇಬ್ಬರು ಜಾಮೀನುದಾರರು ತಮ್ಮ ಮಕ್ಕಳ ಫೀಸಿನ ದುಡ್ಡಿನಿಂದ ಉಳಿದದ್ದನ್ನು ಕಟ್ಟಿದರು. ಅದರಲ್ಲಿ ಒಬ್ಬರು ಇವತ್ತಿಗೂ ನನ್ನ ಹತ್ತಿರ ಮಾತಾಡುವುದಿಲ್ಲ. ಅವರ ಸಿಟ್ಟು ನ್ಯಾಯವಾದದ್ದು.

ಇಲ್ಲಿಯವರೆಗೆ ಹೇಳಿದ್ದು ಯಾರು ಬರುತ್ತಾರೆ ಅನ್ನುವ ವಿಷಯ. ಬಂದವರು ದುಡ್ಡನ್ನು ಏನು ಮಾಡುತ್ತಾರೆ ಅನ್ನುವುದು ಬೇರೆ. ಒಬ್ಬರೇ ಮನುಷ್ಯ, ಒಳ್ಳೆಯ ಮನುಷ್ಯ, ಬಡ್ಡಿ ಏರಿದಾಗ ಬೇರೆ ದಾರಿ ಹಿಡಿಯಬಹುದು.

ಒಬ್ಬ ಸದಸ್ಯರಿಗೆ ಎರಡು ದಾರಿ ಇದೆ ಅನ್ನಿ. ಈಗಿರುವ ಹೋಟೆಲಿನ ಅಡುಗೆಮನೆ ಸರಿಮಾಡಿಸಿದರೆ 1 ಲಕ್ಷಕ್ಕೆ 1,30,000 ಖಂಡಿತ. ಇನ್ನೊಂದು ಕಡೆ ಹೊಸ ಜಾಗ ಹಿಡಿದರೆ ಅರ್ಧ ಅವಕಾಶ 1,44,000ಕ್ಕೆ, ಅರ್ಧ ಅವಕಾಶ 70,000ಕ್ಕೆ. ಸರಾಸರಿ 1,07,000. ಯಾವ ರೀತಿ ನೋಡಿದರೂ ಅಡುಗೆಮನೆಯೇ ಒಳ್ಳೆಯ ಕೆಲಸ. 14ರ ಬಡ್ಡಿಯಲ್ಲಿ ಅವರಿಗೂ ಹಾಗೇ ಕಾಣುತ್ತದೆ. ಅಡುಗೆಮನೆಯಿಂದ 16,000 ಉಳಿತಾಯ. ಹೊಸ ಜಾಗದಲ್ಲಿ ಗೆದ್ದರೆ 30,000, ಸೋತರೆ ಸೊನ್ನೆ, ಸರಾಸರಿ 15,000. ಅವರು ಅಡುಗೆಮನೆಯನ್ನೇ ಸರಿಮಾಡಿಸುತ್ತಾರೆ.

20 ಆದಾಗ ಅಡುಗೆಮನೆಯಿಂದ ಉಳಿಯುವುದು 10,000. ಹೊಸ ಜಾಗದಿಂದ ಗೆದ್ದರೆ 24,000, ಸರಾಸರಿ 12,000. ಈಗ ಅವರ ಕೈ ಹೊಸ ಜಾಗದ ಕಡೆ ಹೋಗುತ್ತದೆ. ಈ ಲೆಕ್ಕದಲ್ಲಿ 16 ದಾಟಿದ ಕೂಡಲೇ ಆ ತಿರುವು ಬರುತ್ತದೆ. ಆರು ಪರ್ಸೆಂಟ್ ಏರಿಕೆ ಅಡುಗೆಮನೆಯ ಲಾಭದಿಂದ ಪೂರ್ತಿ 6,000 ಕಿತ್ತುಕೊಂಡಿತು. ಹೊಸ ಜಾಗದ ಲೆಕ್ಕದಿಂದ 3,000 ಮಾತ್ರ, ಯಾಕಂದರೆ ಸೋತ ವರ್ಷ ಅವರು ಬಡ್ಡಿಯನ್ನೇ ಕೊಡುವುದಿಲ್ಲ. ಮನುಷ್ಯ ಕೆಟ್ಟವನಾಗಲಿಲ್ಲ. ನಾವು ಬರೆದ ಅಂಕಿ ಅವನನ್ನು ಅಲ್ಲಿಗೆ ತಳ್ಳಿತು. ಊರಿಗೆ ಆಗಬೇಕಿದ್ದ 1,30,000ದ ಕೆಲಸ ಆಗಲಿಲ್ಲ, 1,07,000ದ ಕೆಲಸ ಆಯಿತು.

ಯಾವ ಸಾಲದಲ್ಲೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಮ್ಮದೇ ಚಿನ್ನದ ಸಾಲದ ಕೌಂಟರ್ ನೋಡಿ. ಅಲ್ಲಿ ಯಾರನ್ನೂ ವಾಪಸ್ ಕಳಿಸಬೇಕಾಗಿಲ್ಲ. ಬಳೆ ತೂಕ ಹಾಕುತ್ತಾರೆ, ಒರೆಗೆ ಹಚ್ಚುತ್ತಾರೆ, ಬೆಲೆಗಿಂತ ಕಡಿಮೆ ದುಡ್ಡು ಕೊಡುತ್ತಾರೆ. ಬಂದವರ ವ್ಯಾಪಾರ ಏನು ಅಂತ ಕೇಳುವ ಅಗತ್ಯವೇ ಇಲ್ಲ. ಅಲ್ಲಿ ಬಡ್ಡಿ ಟೊಮೆಟೊ ರೇಟಿನ ಹಾಗೇ ಕೆಲಸ ಮಾಡುತ್ತದೆ. ಕಾಣದೆ ಇರುವುದು ಏನೂ ಇಲ್ಲ, ಆದ್ದರಿಂದ ತೊಂದರೆಯೂ ಇಲ್ಲ. ಜಾಮೀನಿನ ಮೇಲಿನ ವ್ಯಾಪಾರ ಸಾಲ ಅಂಥದ್ದಲ್ಲ. ಹಾಗಾದರೆ ಎಲ್ಲರಿಂದಲೂ ಫ್ಲ್ಯಾಟಿನ ಕಾಗದ ಇಡಿಸಿಕೊಳ್ಳೋಣ ಅಂತ ಹೋದ ವರ್ಷ ಒಬ್ಬ ನಿರ್ದೇಶಕರು ಸೂಚಿಸಿದ್ದರು. ಆಗ ಪಗಡಿ ರೂಮಿನಲ್ಲಿ ಇರುವವರು, ಬಾಡಿಗೆ ಮನೆಯಲ್ಲಿ ಇರುವವರು ಹೊರಗೇ ಉಳಿಯುತ್ತಾರೆ. ಅವರಿಗಾಗಿಯೇ ಅಲ್ವಾ ನಮ್ಮ ಹಿರಿಯರು ಈ ಸಂಸ್ಥೆ ಕಟ್ಟಿದ್ದು?

ವಸೂಲಿ ಇದೆಯಲ್ಲ, ಕಲಂ 101 ಇದೆಯಲ್ಲ ಅಂತಲೂ ಹೇಳುವವರಿದ್ದಾರೆ. ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಆ ಕಲಮಿನಡಿ ರಿಜಿಸ್ಟ್ರಾರ್ ಅವರಿಂದ ವಸೂಲಿ ಸರ್ಟಿಫಿಕೇಟು ಪಡೆಯಬಹುದು, ನಿಜ. ಆದರೆ ಸರ್ಟಿಫಿಕೇಟು ಇಲ್ಲದ ದುಡ್ಡನ್ನು ಹುಟ್ಟಿಸುವುದಿಲ್ಲ. ಮೆಟ್ರೊ ಬೇಲಿಯ ಹಿಂದೆ ಮುಳುಗಿದ ಹೋಟೆಲಿನಿಂದ ತರುವುದು ಏನಿದೆ? ಕೊನೆಗೆ ಅದು ಜಾಮೀನುದಾರರ ಸಂಬಳಕ್ಕೇ ಬಂದು ನಿಲ್ಲುತ್ತದೆ.

ಸಾಲಿನಲ್ಲಿ ನಿಂತು ವಾಪಸ್ ಹೋಗುವವರು ಯೋಗ್ಯರಲ್ಲದವರು ಅನ್ನುವ ಮಾತು ಸಮಿತಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಇದಕ್ಕೆ ನಮ್ಮ ದೇಶದ್ದೇ ಒಂದು ಉತ್ತರ ಇದೆ. 1998ರಲ್ಲಿ ಸರಕಾರ ಆದ್ಯತಾ ವಲಯದ ಸಾಲಕ್ಕೆ ಅರ್ಹವಾಗುವ ಸಣ್ಣ ಕೈಗಾರಿಕೆಗಳ ಮಿತಿಯನ್ನು ಬದಲಿಸಿತು. ಯಂತ್ರೋಪಕರಣದಲ್ಲಿ 65 ಲಕ್ಷದವರೆಗೆ ಹಾಕಿದವರಿಗೆ ಇದ್ದದ್ದನ್ನು 3 ಕೋಟಿಯವರೆಗೆ ಏರಿಸಿತು, 2000ದಲ್ಲಿ ಮತ್ತೆ 1 ಕೋಟಿಗೆ ಇಳಿಸಿತು. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೊ ಆ ಕಾಲದ ಒಂದು ಬ್ಯಾಂಕಿನ ಸಾಲದ ಫೈಲುಗಳನ್ನು ತೆಗೆದು ನೋಡಿದರು. ಹೊಸದಾಗಿ ಒಳಗೆ ಬಂದವರಿಗೆ ಮೊದಲೇ ಬೇಕಾದಷ್ಟು ಸಾಲ ಸಿಗುತ್ತಿದ್ದರೆ, ಈ ಸಾಲವನ್ನು ಬೇರೆ ಕಡೆಯ ದುಬಾರಿ ಸಾಲ ತೀರಿಸಲು ಬಳಸಿ ಸುಮ್ಮನಾಗುತ್ತಿದ್ದರು. ವ್ಯಾಪಾರ ಬೆಳೆಯುತ್ತಿರಲಿಲ್ಲ. ಆದದ್ದು ಹಾಗಲ್ಲ. ಸಾಲ ಹೆಚ್ಚಿದ ಹಾಗೆ ಅವರ ಮಾರಾಟವೂ ಲಾಭವೂ ಹೆಚ್ಚಿತು. ಅಂದರೆ ಅಷ್ಟು ದಿನ ಲಾಭದ ಕೆಲಸ ಕೈಯಲ್ಲಿದ್ದೂ ದುಡ್ಡು ಸಿಗದೆ ನಿಂತಿದ್ದವರು ಅವರು.

ಬೇರೆ ದಾರಿ ಏನು ಅಂತ ನೀವು ಕೇಳಬಹುದು. ದಕ್ಷಿಣ ಆಫ್ರಿಕಾದಲ್ಲಿ ನಡೆದ ಒಂದು ಪ್ರಯೋಗ ನನಗೆ ಬಹಳ ಉಪಯೋಗಕ್ಕೆ ಬಂತು. ಡೀನ್ ಕಾರ್ಲನ್ ಮತ್ತು ಜೊನಾಥನ್ ಜಿನ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಒಂದು ಸಾಲ ಸಂಸ್ಥೆ ತನ್ನ ಹಳೆಯ ಗಿರಾಕಿಗಳಲ್ಲಿ ಸುಮಾರು 58,000 ಜನರಿಗೆ ಬೇರೆ ಬೇರೆ ಬಡ್ಡಿ ಬರೆದ ಪತ್ರ ಕಳಿಸಿತು. ಯಾರಿಗೆ ಯಾವ ಬಡ್ಡಿ ಅನ್ನೋದು ಚೀಟಿ ಎತ್ತಿದ ಹಾಗೆ. ಜಾಸ್ತಿ ಬಡ್ಡಿಗೆ ಒಪ್ಪಿ ಬಂದವರಲ್ಲಿ ಕೆಲವರಿಗೆ, ಮತ್ತೆ ಚೀಟಿ ಎತ್ತಿದ ಹಾಗೆ, ಅಲ್ಲೇ ಬಡ್ಡಿ ಇಳಿಸಿ ಸಾಲ ಕೊಟ್ಟರು. ಇದರ ಜಾಣತನ ನೋಡಿ. ಜಾಸ್ತಿ ಬಡ್ಡಿಗೆ ಒಪ್ಪಿ ಬಂದು ಕಡಿಮೆ ಬಡ್ಡಿ ಪಡೆದವರನ್ನು, ಮೊದಲಿನಿಂದಲೂ ಕಡಿಮೆ ಬಡ್ಡಿಗೇ ಬಂದವರ ಜೊತೆ ಹೋಲಿಸಿದರೆ ಎಂಥವರು ಬಂದರು ಅನ್ನೋದು ತಿಳಿಯುತ್ತದೆ. ಒಂದೇ ಜಾಸ್ತಿ ಬಡ್ಡಿಗೆ ಒಪ್ಪಿ ಬಂದವರಲ್ಲಿ ಬಡ್ಡಿ ಇಳಿದವರನ್ನೂ ಇಳಿಯದವರನ್ನೂ ಹೋಲಿಸಿದರೆ ಬಡ್ಡಿ ಅವರ ನಡವಳಿಕೆಯನ್ನು ಹೇಗೆ ಬದಲಿಸಿತು ಅನ್ನೋದು ತಿಳಿಯುತ್ತದೆ. ಇನ್ನು ಕೆಲವರಿಗೆ, ಈ ಸಾಲವನ್ನು ಸರಿಯಾಗಿ ಕಟ್ಟಿದರೆ ಮುಂದಿನ ಸಾಲಕ್ಕೂ ಇದೇ ಕಡಿಮೆ ಬಡ್ಡಿ ಅಂತ ಮಾತು ಕೊಟ್ಟರು.

ಎದ್ದು ಕಂಡ ಫಲ ಬಂದದ್ದು ಆ ಮಾತಿನಿಂದ. ಮುಂದಿನ ಸಾಲದ ಆಸೆ ಇದ್ದವರು ಕಂತನ್ನು ಹೆಚ್ಚು ಚೆನ್ನಾಗಿ ಕಟ್ಟಿದರು. ಎಂಥವರು ಬಂದರು ಅನ್ನುವುದರ ಪರಿಣಾಮಕ್ಕೆ ಅಲ್ಲಿ ಸಿಕ್ಕ ಸಾಕ್ಷ್ಯ ಅಷ್ಟು ಗಟ್ಟಿಯಾಗಿರಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ, ನನ್ನ ಮೊದಲ ಲೆಕ್ಕದ ವಿರುದ್ಧ ನೀವು ಇದನ್ನೇ ಎತ್ತಿ ತೋರಿಸಬಹುದು. ಆದರೆ ಅವರೆಲ್ಲ ಆ ಸಂಸ್ಥೆಯಲ್ಲಿ ಮೊದಲೇ ಸಾಲ ತೆಗೆದವರು, ಪರಿಚಯದವರು. ನಮ್ಮ ಈಗಿನ ಸಾಲಿನಲ್ಲಿ ಮೊದಲ ಸಲ ಅರ್ಜಿ ಹಾಕುವವರೂ ಬಹಳ ಇದ್ದಾರೆ. ಕಾಣದೆ ಇರುವುದು ಅಲ್ಲೇ ಜಾಸ್ತಿ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಬಡ್ಡಿಯನ್ನು ಏರಿಸಲೇಬಾರದು ಅಂತ ನಾನು ಹಟ ಹಿಡಿಯುವುದಿಲ್ಲ. ಮೊದಲ ಲೆಕ್ಕದಲ್ಲಿ 16ಕ್ಕೆ ಏರಿಸಿದರೂ ಎಂಟು ಮಂದಿ ಕ್ಯಾಂಟೀನಿನವರು ಹೋಗುವುದಿಲ್ಲ, ಬರುವ ಆದಾಯ 9.6ರಿಂದ 11.4 ಆಗುತ್ತದೆ. ನಿಜ ಜೀವನದಲ್ಲಿ ಎಲ್ಲರೂ ಒಂದೇ ಅಂಕಿಗೆ ಎದ್ದು ಹೋಗುವುದಿಲ್ಲ. ಒಬ್ಬರು 15ಕ್ಕೆ, ಇನ್ನೊಬ್ಬರು 17ಕ್ಕೆ, ಹೀಗೆ ಒಬ್ಬೊಬ್ಬರಾಗಿ ಹೋಗುತ್ತಾರೆ. ಅದಕ್ಕೇ ತಿರುವು ಎಲ್ಲಿದೆ ಅಂತ ಮೊದಲೇ ಕಾಣುವುದಿಲ್ಲ. ಹುಡುಕಬೇಕು. ಆರು ಪರ್ಸೆಂಟ್ ಒಂದೇ ಸಲ ಹಾರಿದರೆ ಹುಡುಕುವ ಮೊದಲೇ ದಾಟಿಬಿಡುತ್ತೇವೆ.

ಹುಡುಕಲು ಬೇಕಾದದ್ದು ನಮ್ಮ ಕಪಾಟಿನಲ್ಲೇ ಇದೆ. ಹಿಂದೆ ಬಡ್ಡಿ 12ರಿಂದ 14 ಆದಾಗಿನ ಸಾಲದ ರಿಜಿಸ್ಟರುಗಳನ್ನು ತೆಗೆಯಿರಿ. ಮಂಜೂರಾದ ಮೇಲೆ ಸಾಲ ಬೇಡ ಅಂದವರು ಯಾರು? ಗಡುವಿಗೆ ಮೊದಲೇ ತೀರಿಸಿ ಖಾತೆ ಮುಚ್ಚಿದವರು ಯಾರು? ಅವರ ಹಿಂದಿನ ಕಂತುಗಳು ಹೇಗಿದ್ದವು? ಒಂದೂ ಕಂತು ತಪ್ಪದವರೇ ಹೆಚ್ಚಾಗಿ ಹೋಗಿದ್ದರೆ ತಿರುವು ಹತ್ತಿರದಲ್ಲೇ ಇದೆ ಅಂತ ಅರ್ಥ. ಇನ್ನೊಂದು ಗುರುತು, ಸುಸ್ತಿಯಾದ ಸಾಲಗಳು ಯಾವ ತಿಂಗಳಲ್ಲಿ ನಿಂತವು ಅನ್ನೋದು. ಬಡ್ಡಿ ಏರಿದ ಮೇಲೆ ತೆಗೆದ ಸಾಲಗಳು ಮೊದಲ ಆರು ತಿಂಗಳಲ್ಲೇ ನಿಲ್ಲುವುದು ಜಾಸ್ತಿಯಾಗಿದ್ದರೆ ಬಂದವರೇ ಬೇರೆ, ಅಥವಾ ದುಡ್ಡು ಹೋದ ದಾರಿಯೇ ಬೇರೆ. ಒಟ್ಟು ಬಡ್ಡಿ ಆದಾಯದ ಅಂಕಿ ನೋಡಿ ಸಮಾಧಾನಪಡಬೇಡಿ. ಏರಿಸಿದ ಮೊದಲ ವರ್ಷ ಆ ಅಂಕಿ ಹೇಗೂ ಚೆನ್ನಾಗಿ ಕಾಣುತ್ತದೆ. ನಿಂತ ಸಾಲ ಲೆಕ್ಕಕ್ಕೆ ಬರುವುದು ಆಮೇಲೆ.

ಅದರ ಜೊತೆಗೆ, ಒಂದು ಸಾಲವನ್ನು ಕಂತು ತಪ್ಪದೆ ತೀರಿಸಿದವರಿಗೆ ಮುಂದಿನ ಸಾಲ ಒಂದು ಪರ್ಸೆಂಟ್ ಕಡಿಮೆಗೆ ಅಂತ ಮಂಜೂರಾತಿ ಪತ್ರದಲ್ಲೇ ಬರೆದುಕೊಡಿ. ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಕಾಗದದಲ್ಲಿ ಇರಬೇಕು. ಮೊದಲ ಸಲ ಬರುವವರಿಗೆ ಬಡ್ಡಿ ಏರಿಸದೆ ಮೊತ್ತ ಕಡಿಮೆ ಮಾಡಿ. 2 ಲಕ್ಷ ಕೇಳಿದವರಿಗೆ 50,000 ಕೊಟ್ಟು ಒಂದು ವರ್ಷ ನೋಡಿದರೆ ಸಾಲಿನಲ್ಲಿ ಇರುವ ನಾಲ್ವರಿಗೂ ಸ್ವಲ್ಪ ಸ್ವಲ್ಪ ಸಿಗುತ್ತದೆ, ನಮಗೆ ಕಾಣದೆ ಇದ್ದದ್ದು ಕಾಣುತ್ತದೆ. 50,000ದಲ್ಲಿ ಆಗದ ಕೆಲಸಗಳೂ ಇವೆ, ಅದು ಗೊತ್ತು. ಹೊಸ ಜಾಗದ ಡಿಪಾಸಿಟ್‌ಗೆ ಅದು ಸಾಲುವುದಿಲ್ಲ. ಗ್ರೈಂಡರ್ ಕೊಳ್ಳಲು ಸಾಕಾಗುತ್ತದೆ.

ಟಿಫಿನ್ ಮಾಡುವ ಆ ಅಕ್ಕನ ಕಥೆ ಹೇಳದೆ ಉಳಿಸಿದ್ದೆ. ಅವರಿಗೆ ಆವತ್ತು ಅರ್ಧ ಪರ್ಸೆಂಟ್ ಕಡಿಮೆ ಮಾಡಲು ನಾವು ಒಪ್ಪಲಿಲ್ಲ. ಅವರು ಕಾಗದ ಮಡಚಿ ಚೀಲದಲ್ಲಿ ಇಟ್ಟುಕೊಂಡು, ಆಯ್ತು, ಯೋಚನೆ ಮಾಡ್ತೇನೆ ಅಂತ ಹೋದರು. ಮತ್ತೆ ಬರಲಿಲ್ಲ. ಅವರ ಹೆಸರು ನಮ್ಮ ಯಾವ ಸುಸ್ತಿ ಪಟ್ಟಿಯಲ್ಲೂ ಇಲ್ಲ, ಯಾವ ನಷ್ಟದ ಲೆಕ್ಕದಲ್ಲೂ ಇಲ್ಲ. ಸಭೆಯ ದಿನ ಪ್ರಸ್ತಾವವನ್ನು ಮತಕ್ಕೆ ಹಾಕುವ ಮೊದಲು ಹೀಗೆ ವಾಪಸ್ ಹೋದವರ ಪಟ್ಟಿಯನ್ನು ಸದಸ್ಯರ ಮುಂದೆ ಓದಬೇಕು ಅಂತ ನನ್ನ ವಿನಂತಿ. ಹೆಸರು ಬೇಡ, ಎಷ್ಟು ಜನ, ಅವರ ಹಳೆಯ ಸಾಲಗಳ ಕಂತುಗಳು ಹೇಗಿದ್ದವು ಅನ್ನೋದು ಸಾಕು. ರಿಜಿಸ್ಟರುಗಳಿಂದ ಅದನ್ನು ಬರೆದು ತೆಗೆಯಲು ಯಾರಿಗೂ ಪುರುಸೊತ್ತಿಲ್ಲದಿದ್ದರೆ ನಾನು ಬಂದು ಕೂರುತ್ತೇನೆ. ಭಾನುವಾರ ಬೆಳಿಗ್ಗೆ ಆಫೀಸಿನ ಬೀಗ ತೆಗೆದುಕೊಟ್ಟರೆ ಸಾಕು.

ನಿಮ್ಮ ವಿಶ್ವಾಸಿ,
ಸಾಲ ಸಮಿತಿಯ ಮಾಜಿ ಸದಸ್ಯ,
ಮಾಟುಂಗ, ಮುಂಬೈ